ಟೊಮೆಟೊ ಎಲೆಯ ಮೇಲಿನ ಬಳೆ ಬಳೆ ಚುಕ್ಕೆ

ಪರಿಚಯದವರೊಬ್ಬರು ಟೊಮೆಟೊ ಎಲೆಯ ಫೋಟೊ ಕಳಿಸಿ, "ಇದು ಯಾವ ರೋಗ?" ಅಂತ ಕೇಳಿದರು. ಎಲೆಯ ಮೇಲೆ ಐದಾರು ಕಂದು ಚುಕ್ಕೆಗಳಿದ್ದವು. ಕಂದು ಚುಕ್ಕೆ ಅಂದಷ್ಟಕ್ಕೇ ಏನೂ ಗೊತ್ತಾಗುವುದಿಲ್ಲ. ಟೊಮೆಟೊಗೆ ಬರುವ ಅರ್ಧ ರೋಗಗಳು ಶುರುವಾಗುವುದೇ ಹಾಗೆ.

ಫೋಟೊ ಹಿಗ್ಗಿಸಿ ದೊಡ್ಡ ಚುಕ್ಕೆಯನ್ನು ನೋಡಿದೆ. ಒಳಗೆ ಒಂದರೊಳಗೊಂದು ಬಳೆಗಳಿದ್ದವು, ಕಡಿದ ಮರದ ದಿಮ್ಮಿಯಲ್ಲಿ ಕಾಣುವ ಹಾಗೆ. ಸುತ್ತ ಹಳದಿ ಅಂಚು. ಇವೆರಡೂ ಒಟ್ಟಿಗೆ ಕಂಡರೆ ಮೊದಲು ನೆನಪಾಗುವುದು ಮುಂಚಿನ ಅಂಗಮಾರಿ. ಇದು ಆಲ್ಟರ್ನೇರಿಯಾ ಎಂಬ ಶಿಲೀಂಧ್ರದ ಕೆಲಸ. ತೇವ, ಬಿಸಿಲು ಏರಿಳಿದಂತೆ ಅದು ಒಂದಿಷ್ಟು ಬೆಳೆಯುತ್ತದೆ, ನಿಲ್ಲುತ್ತದೆ, ಮತ್ತೆ ಬೆಳೆಯುತ್ತದೆ. ಬಳೆಗಳು ಮೂಡುವುದು ಹೀಗೆ. ಅದು ಬಿಡುವ ವಿಷ ಅದಕ್ಕಿಂತ ಮುಂದೆ ಹರಿದು ಸುತ್ತಲಿನ ಹಸಿರನ್ನು ಕೊಲ್ಲುತ್ತದೆ, ಹಳದಿ ಬರುವುದು ಅದರಿಂದ.

ಆದರೆ ಅದೇ ಎಲೆಯ ತುದಿಯಲ್ಲಿ ಇನ್ನೊಂದು ಕಲೆ ಇತ್ತು. ಅದರಲ್ಲಿ ಬಳೆ ಇರಲಿಲ್ಲ, ಸುಮ್ನೆ ಹರಡಿಕೊಂಡ ಕಂದು. ನನಗೆ ಅನುಮಾನ ಬಂದದ್ದು ಇಲ್ಲೇ. ತಡ ಅಂಗಮಾರಿಯ ಕಲೆಯೂ ಹೀಗೇ ಇರುತ್ತದೆ: ನೀರು ನೆನೆದಂತೆ ಮಂಕಾಗಿ ಶುರುವಾಗಿ, ತಂಪು ತೇವದ ಹವೆಯಲ್ಲಿ ಕೆಲವೇ ದಿನಗಳಲ್ಲಿ ಇಡೀ ಎಲೆ ನುಂಗುತ್ತದೆ. ಎರಡನ್ನೂ ಬೇರೆ ಮಾಡುವ ಗುರುತು ಎಲೆಯ ಅಡಿಭಾಗದಲ್ಲಿದೆ. ತಡ ಅಂಗಮಾರಿಯಾದರೆ ಬೆಳಗಿನ ತೇವದಲ್ಲಿ ಕಲೆಯ ಅಂಚಿನ ಕೆಳಗೆ ಬಿಳಿ ಬೂಷ್ಟು ಕಾಣುತ್ತದೆ. ಜನ ಫೋಟೊ ತೆಗೆಯುವುದು ಮಾತ್ರ ಯಾವಾಗಲೂ ಎಲೆಯ ಮೇಲ್ಭಾಗದ್ದೇ!

ಹಾಗಾಗಿ ಇನ್ನೆರಡು ಫೋಟೊ ಕೇಳಿದೆ. ಬೆಳಗ್ಗೆ ತೆಗೆದ ಎಲೆಯ ಅಡಿಭಾಗದ್ದು ಒಂದು, ಇಡೀ ಗಿಡದ್ದು ಇನ್ನೊಂದು. ಅಳತೆ ತಿಳಿಯಲಿ ಎಂದು ಎಲೆಯ ಪಕ್ಕ ಒಂದು ನಾಣ್ಯ ಇಡಲು ಹೇಳಿದೆ.

ಅಡಿಭಾಗದಲ್ಲಿ ಬೂಷ್ಟಿರಲಿಲ್ಲ. ಚುಕ್ಕೆಗಳು ಸುಮಾರು 1 ಸೆಂ.ಮೀ. ಅಗಲ ಇದ್ದವು. ಕಂದು ಚುಕ್ಕೆ ತರುವ ಇನ್ನೊಂದು ಶಿಲೀಂಧ್ರ ರೋಗ ಸೆಪ್ಟೋರಿಯಾ ಎಲೆಚುಕ್ಕೆ. ಅದರ ಚುಕ್ಕೆ ಸಾಮಾನ್ಯವಾಗಿ 2–3 ಮಿ.ಮೀ. ಇರುತ್ತದೆ, ಬೂದು ನಡುವಿನಲ್ಲಿ ಸೂಜಿಮೊನೆಯಷ್ಟು ಕಪ್ಪು ಕಾಳುಗಳೂ ಇರುತ್ತವೆ. ಹಾಗಾಗಿ ಅದನ್ನು ಪಕ್ಕಕ್ಕಿಟ್ಟೆ. ಗಿಡದಲ್ಲಿ ನೆಲಕ್ಕೆ ಹತ್ತಿರದ ಹಳೆ ಎಲೆಗಳು ಜಾಸ್ತಿ ಹಾಳಾಗಿದ್ದವು, ತುದಿ ಹಸಿರಾಗಿತ್ತು. ಇದೂ ಮುಂಚಿನ ಅಂಗಮಾರಿಯ ರೀತಿಯೇ: ಮಣ್ಣಿನಲ್ಲಿರುವ ಹಳೆ ಕಸದಿಂದ ಬೀಜಕಣಗಳು ಮಳೆಹನಿಯ ಜೊತೆ ಚಿಮ್ಮಿ ಮೊದಲು ಕೆಳಗಿನ ಎಲೆಗೇ ತಾಗುತ್ತವೆ.

"ಬಹುಶಃ ಮುಂಚಿನ ಅಂಗಮಾರಿ" ಎಂದು ಉತ್ತರಿಸಿದೆ. ಆ "ಬಹುಶಃ" ಸುಮ್ಮನೆ ಸೇರಿಸಿದ್ದಲ್ಲ. ಕೊರಿನೆಸ್ಪೊರಾ ಎಂಬ ಇನ್ನೊಂದು ಶಿಲೀಂಧ್ರವೂ ಟೊಮೆಟೊ ಎಲೆಯಲ್ಲಿ ಇಂಥದೇ ಬಳೆ ಚುಕ್ಕೆ ಮಾಡುತ್ತದೆ. ಅವೆರಡರ ಬೀಜಕಣಗಳ ಆಕಾರ ಬೇರೆ ಬೇರೆ. ಅದನ್ನು ನೋಡಲು ಸೂಕ್ಷ್ಮದರ್ಶಕವೇ ಬೇಕು, ಫೋಟೊವನ್ನು ಎಷ್ಟು ಹಿಗ್ಗಿಸಿದರೂ ಕಾಣುವುದಿಲ್ಲ.