ಕ್ಯಾಮೆರಾದಲ್ಲಿ ತಣ್ಣಗೆ ಕಂಡ ಹತ್ತಿ ಮತ್ತೆ ಯಾಕೆ ಹೊತ್ತಿಕೊಂಡಿತು?

ಪ್ರಶ್ನೆ: ನಮ್ಮ ಕಡೆ ಒಂದು ಹತ್ತಿ ಗೋದಾಮಿಗೆ ಬೆಂಕಿ ಬಿದ್ದಿತ್ತು. ಆರಿಸಿದ ಮೇಲೆ ಥರ್ಮಲ್ ಕ್ಯಾಮೆರಾ ಹಿಡಿದು ನೋಡಿ, ಎಲ್ಲಾ ತಣ್ಣಗಾಗಿದೆ ಅಂದರು. ಮರುದಿನ ಅದೇ ಥಪ್ಪಿಯಿಂದ ಹೊಗೆ ಬಂತು. ಹೊಗೆಯ ಆಚೆಗೂ ನೋಡುವ ಕ್ಯಾಮೆರಾಕ್ಕೆ ಇದು ಕಾಣಲಿಲ್ಲವೇ?
– ಯಾದಗಿರಿ ಜಿಲ್ಲೆಯ ಓದುಗರು

ಉತ್ತರ: ಕ್ಯಾಮೆರಾ ಕೆಟ್ಟಿರಬೇಕೆಂದೇನಿಲ್ಲ. ಅದು ತೋರಿಸಿದ್ದು ಹತ್ತಿಯ ಮೇಲಿದ್ದ ನೀರಿನ ಬಿಸಿಯನ್ನು.

ಪ್ರತಿ ವಸ್ತುವಿನ ಮೇಲ್ಮೈಯಿಂದ ಅದರ ಬಿಸಿಗೆ ತಕ್ಕಂತೆ ಇನ್ಫ್ರಾರೆಡ್ ಕಿರಣ ಹೊರಡುತ್ತದೆ. ಅಗ್ನಿಶಾಮಕರ ಕ್ಯಾಮೆರಾ ಹಿಡಿಯುವುದು ಸುಮಾರು 8ರಿಂದ 14 ಮೈಕ್ರಾನ್ ಅಲೆಯುದ್ದದ ಕಿರಣಗಳನ್ನು. ಹೊಗೆಯ ಕಣಗಳು ಬಹುಪಾಲು ಇದಕ್ಕಿಂತ ಬಹಳ ಸಣ್ಣವು, ಹಾಗಾಗಿ ಕಿರಣ ಅವುಗಳನ್ನು ದಾಟಿ ಬರುತ್ತದೆ. ಕಣ್ಣಿಗೆ ಏನೂ ಕಾಣದ ಕೋಣೆಯಲ್ಲಿ ಬಿದ್ದಿರುವ ಮನುಷ್ಯ, ಬಾಗಿಲು, ಬೆಂಕಿಯ ಮೂಲ ಕಾಣುವುದು ಇದರಿಂದಲೇ.

ಗಾಜು ಮಾತ್ರ ಈ ಕಿರಣಕ್ಕೆ ಗೋಡೆಯಿದ್ದಂತೆ. ಕ್ಯಾಮೆರಾದ ಲೆನ್ಸನ್ನೇ ಗಾಜಿನಿಂದ ಮಾಡುವುದಿಲ್ಲ, ಜರ್ಮೇನಿಯಂನಿಂದ ಮಾಡುತ್ತಾರೆ. ಮಿಲ್ಲಿನ ಆಫೀಸಿನ ಗಾಜಿನ ಕಿಟಕಿಗೆ ಕ್ಯಾಮೆರಾ ಹಿಡಿದರೆ ಒಳಗಿನ ಬೆಂಕಿ ಕಾಣದೆ, ಗಾಜಿನ ಬಿಸಿಯ ಜೊತೆ ಹಿಡಿದವರದೇ ಪ್ರತಿಬಿಂಬ ಕಾಣಬಹುದು. ಒಳಗೆ ಯಾರೋ ನಿಂತಿದ್ದಾರೆ ಅನಿಸಿದರೆ ಕೈ ಎತ್ತಿ ನೋಡಬೇಕು. ಅವರೂ ಎತ್ತಿದರೆ ಅದು ನೀವೇ.

ಈಗ ನಿಮ್ಮ ಹತ್ತಿಗೆ ಬರೋಣ. ನೀರಿನ ತೆಳ್ಳನೆಯ ಪದರವೂ ಈ ಕಿರಣವನ್ನು ಹೀರಿಬಿಡುತ್ತದೆ. ಮೇಲಾಗಿ ನಮ್ಮ ಒಣ ಹವೆಯಲ್ಲಿ ನೀರು ಬೇಗ ಆವಿಯಾಗುತ್ತಾ ಮೇಲ್ಮೈಯನ್ನು ಇನ್ನಷ್ಟು ತಂಪು ಮಾಡುತ್ತದೆ. ಒಂದು ಬೇಲ್ ಸುಮಾರು 170 ಕಿಲೋ ತೂಗುತ್ತದೆ, ಅದೂ ಬಿಗಿಯಾಗಿ ಒತ್ತಿ ಪಟ್ಟಿ ಕಟ್ಟಿದ ಹತ್ತಿ. ಪೈಪಿನ ನೀರು ಹೊರಗಷ್ಟೇ ನೆನೆಸಿ ಹರಿದುಹೋಗುತ್ತದೆ, ಒಳಗಿನ ಕಿಡಿ ಎಳೆಗಳ ನಡುವೆ ಉಳಿದ ಗಾಳಿಯಲ್ಲೇ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಉರಿಯಿಲ್ಲದೆ ಕನಲುತ್ತಿರುತ್ತದೆ. ಬಿಸಿ ಹೊರಮೈಗೆ ಬರುವುದು ತಡ. ಅಲ್ಲಿಯವರೆಗೆ ಪರದೆಯ ಮೇಲೆ ಬೇಲ್ ಪೂರ್ತಿ ಒಂದೇ ಸಮ ಕಪ್ಪಗೆ, ತಣ್ಣಗೆ ಕಾಣುತ್ತದೆ. ಆಗತಾನೇ ನೆನೆಸಿದ ಬೇಲಿನಲ್ಲಿ ಈ ಒಂದೇ ಸಮದ ಕಪ್ಪನ್ನು ನಾನಂತೂ ನಂಬುವುದಿಲ್ಲ.

ಮಾಡಬೇಕಾದದ್ದು ಇಷ್ಟು. ನೀರು ನಿಲ್ಲಿಸಿ, ಅರ್ಧ ಗಂಟೆಯಾದರೂ ಬಿಟ್ಟು ಮತ್ತೆ ನೋಡಬೇಕು. ಸುತ್ತಲಿಗಿಂತ ಮೊದಲು ಒಣಗಿ, ಬಿಸಿಯಿಂದ ಪರದೆಯಲ್ಲಿ ಬೆಳ್ಳಗಾಗುವ ಜಾಗವಿದ್ದರೆ ಅದರ ಕೆಳಗೇ ಅನುಮಾನ. ಹಾಗೆ ಕಾಣದಿದ್ದರೂ ಸುಟ್ಟ ಬೇಲುಗಳನ್ನು ಬಯಲಿಗೆ ಎಳೆಸಿ, ಪೈಪು ಸಿದ್ಧವಿಟ್ಟುಕೊಂಡೇ ಪಟ್ಟಿ ಕತ್ತರಿಸಬೇಕು, ಯಾಕೆಂದರೆ ಗಾಳಿ ಸಿಕ್ಕ ಕೂಡಲೇ ಭಗ್ಗೆನ್ನಬಹುದು. ಬಿಡಿಸಿದ ಒಳಮೈಗೆ ನೀರು ಬೀಳುವ ಮೊದಲೇ ಕ್ಯಾಮೆರಾ ಹಿಡಿಯಬೇಕು. ಉಳಿದ ಬೇಲುಗಳನ್ನು ಒಂದಕ್ಕೊಂದು ತಾಗದಂತೆ ಬಿಡಿಬಿಡಿಯಾಗಿಟ್ಟು ಕೆಲವು ದಿನ ಕಾಯಬೇಕು. ಕ್ಯಾಮೆರಾದ ತಪಾಸಣೆಯನ್ನು ನಸುಕಿನಲ್ಲಿ ಮಾಡಿ, ಮಧ್ಯಾಹ್ನದ ಬಿಸಿಲಿಗೆ ಎಲ್ಲವೂ ಬಿಸಿಯಾಗಿಯೇ ಕಾಣುತ್ತದೆ.