ಶಾರ್ಟ್ ಸರ್ಕ್ಯೂಟ್‌ನಲ್ಲಿ ಟಿ.ಸಿ. ಸುಡುವ ಮೊದಲು ಬಗ್ಗುತ್ತದೆ

ರಿಪೇರಿಗೆ ಬಂದಿದ್ದ ಒಂದು ಟ್ರಾನ್ಸ್‌ಫಾರ್ಮರ್‌ನ ಹೊರಗಿನ ಎಚ್‌ಟಿ, ಅಂದರೆ ಹೆಚ್ಚು ವೋಲ್ಟೇಜಿನ ಸುರುಳಿಯನ್ನು ಮೇಲೆತ್ತಿದಾಗ ಒಳಗಿನ ಎಲ್‌ಟಿ, ಅಂದರೆ ಕಡಿಮೆ ವೋಲ್ಟೇಜಿನ ಸುರುಳಿ ಕಂಡಿತು. ದುಂಡಗಿರಬೇಕಾದ ತಾಮ್ರ ಒಂದು ಕಡೆ ಒಳಕ್ಕೆ ಕುಸಿದು, ಪಕ್ಕದಲ್ಲೇ ಹೊರಕ್ಕೆ ಉಬ್ಬಿತ್ತು. ಹೆಚ್ಚಿನ ಭಾಗ ಕಪ್ಪಾಗಿರಲಿಲ್ಲ, ಕರಗಿರಲಿಲ್ಲ. ಬಗ್ಗಿದ ಮೂಲೆಯಲ್ಲಿ ಮಾತ್ರ ಕಾಗದ ಹರಿದು ಎರಡು ಸುತ್ತುಗಳು ತಾಗಿ ಸುಟ್ಟಿದ್ದವು. 'ಟಿ.ಸಿ. ಸುಟ್ಟಿದೆ' ಎಂದು ಬರೆದು ಕಳಿಸಿದ್ದರು. ನಿಜಕ್ಕೂ ಅದು ಮೊದಲು ಬಗ್ಗಿತ್ತು, ಆಮೇಲೆ ಸುಟ್ಟಿತ್ತು.

ತಾಮ್ರವನ್ನು ಹೀಗೆ ಬಗ್ಗಿಸುವ ಬಲ ಎಷ್ಟಿರಬಹುದು? 1000 ಕೆವಿಎ, 11 ಕೆವಿ/433 ವೋಲ್ಟ್ ಟ್ರಾನ್ಸ್‌ಫಾರ್ಮರ್ ಒಂದನ್ನು ತೆಗೆದುಕೊಳ್ಳೋಣ. ಅದರ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಶೇ. 5. ಪೂರ್ತಿ ಲೋಡಿನಲ್ಲಿ ಎಲ್‌ಟಿ ಕಡೆ ಹರಿಯುವುದು ಸುಮಾರು 1,333 ಆಂಪಿಯರ್. ಎಲ್‌ಟಿ ತುದಿಯಲ್ಲೇ ಮೂರೂ ಫೇಸ್ ಶಾರ್ಟ್ ಆದರೆ ಕರೆಂಟನ್ನು ತಡೆಯಲು ಆ ಶೇ. 5 ಬಿಟ್ಟರೆ ಹೆಚ್ಚೇನೂ ಉಳಿಯುವುದಿಲ್ಲ. ಕರೆಂಟ್ 20 ಪಟ್ಟು ಏರುತ್ತದೆ. ಶಾರ್ಟ್ ಆದ ಗಳಿಗೆ ಕೆಟ್ಟದಾಗಿ ಕೂಡಿಬಂದರೆ ಮೊದಲ ಅಲೆಯ ಶಿಖರ ಇನ್ನೂ ಎತ್ತರಕ್ಕೆ, ಸುಮಾರು 58,000 ಆಂಪಿಯರ್‌ಗೆ ಮುಟ್ಟುತ್ತದೆ. ಮಾಮೂಲಿ ಶಿಖರಕ್ಕೆ ಹೋಲಿಸಿದರೆ ಇದು 31 ಪಟ್ಟು. ಬಲ ಕರೆಂಟಿನ ವರ್ಗದಂತೆ ಬೆಳೆಯುವುದರಿಂದ, ದಿನನಿತ್ಯ ಸುರುಳಿಗಳನ್ನು ಸಣ್ಣಗೆ ಅದುರಿಸುವ ಬಲವೇ ಒಂದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಹೆಚ್ಚುಕಡಿಮೆ ಸಾವಿರ ಪಟ್ಟಾಗುತ್ತದೆ. ಬ್ರೇಕರ್ ಬಿಡುವಷ್ಟರಲ್ಲಿ ಆ ಶಿಖರ ಬಂದು ಹೋಗಿರುತ್ತದೆ.

ಎಲ್‌ಟಿ ಮತ್ತು ಎಚ್‌ಟಿ ಸುರುಳಿಗಳಲ್ಲಿ ಕರೆಂಟ್ ಎದುರುಬದುರು ದಿಕ್ಕಿನಲ್ಲಿ ಹರಿಯುತ್ತದೆ, ಹಾಗಾಗಿ ಅವು ಒಂದನ್ನೊಂದು ದೂರ ತಳ್ಳುತ್ತವೆ. ಎಲ್‌ಟಿಗೆ 20 ಸುತ್ತು, ಸುರುಳಿಯ ಎತ್ತರ 60 ಸೆಂ.ಮೀ. ಎಂದಿಟ್ಟುಕೊಂಡರೆ, ಶಿಖರದ ಗಳಿಗೆಯಲ್ಲಿ ಎರಡರ ನಡುವಿನ ಸಂದಿಯಲ್ಲಿ ಕಾಂತಕ್ಷೇತ್ರ 2.4 ಟೆಸ್ಲಾ ದಾಟುತ್ತದೆ. ಅದರ ಒತ್ತಡ ಪ್ರತಿ ಚದರ ಸೆಂ.ಮೀ.ಗೆ ಸುಮಾರು 24 ಕೆ.ಜಿ.; ಲಾರಿ ಟೈರಿನ ಗಾಳಿಯ ಒತ್ತಡದ ಮೂರು ಪಟ್ಟು. ಹೊರಗಿನ ಸುರುಳಿ ಇದನ್ನು ಚೆನ್ನಾಗಿಯೇ ತಡೆಯುತ್ತದೆ. ಬಂಡಿ ಚಕ್ರದ ಕಬ್ಬಿಣದ ಪಟ್ಟಿಯಂತೆ ಅದು ಎಳೆತಕ್ಕೆ ಸಿಗುತ್ತದೆ, ಎಳೆತಕ್ಕೆ ತಾಮ್ರ ಗಟ್ಟಿ. ಒಳಗಿನದರ ಪಾಡು ಬೇರೆ. ಹೊರಗಿನಿಂದ ಅಮುಕಿದ ತಗಡಿನ ಡಬ್ಬಿಯಂತೆ, ತಾಮ್ರದ ಬಲ ಮುಗಿಯುವ ಮೊದಲೇ ಅದರ ಆಕಾರ ಸೋಲುತ್ತದೆ. ಅದಕ್ಕೇ ನಡುವಿನ ಕಬ್ಬಿಣದ ಕೋರ್ ಮತ್ತು ಎಲ್‌ಟಿ ನಡುವೆ ಗಟ್ಟಿ ಸಿಲಿಂಡರ್, ಆಧಾರದ ಕಡ್ಡಿಗಳನ್ನು ಸಡಿಲವಿಲ್ಲದಂತೆ ಕೂರಿಸಬೇಕು. ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಮೆತು ತಾಮ್ರ ಬಿಟ್ಟು ಗಡಸು ತಾಮ್ರ ಬಳಸುವುದೂ, ಎಳೆಗಳನ್ನು ಎಪಾಕ್ಸಿಯಿಂದ ಅಂಟಿಸುವುದೂ ಇದೇ ಕಾರಣಕ್ಕೆ.

ನನಗೆ ಇದಕ್ಕಿಂತ ಹೆಚ್ಚು ಆತಂಕ ಹುಟ್ಟಿಸುವುದು ಮೇಲೆ-ಕೆಳಗೆ ನೂಕುವ ಬಲ. ಎರಡೂ ಸುರುಳಿಗಳ ಎತ್ತರ, ನಡುಮಧ್ಯ ಸರಿಯಾಗಿ ಹೊಂದಿದ್ದರೆ ಅದು ಎರಡನ್ನೂ ನಡುವಿನ ಕಡೆಗೆ ಅಮುಕುತ್ತದೆ, ಅಷ್ಟೆ. ಒಂದು ಸುರುಳಿ ಕೆಲವೇ ಮಿಲಿಮೀಟರ್ ಮೇಲಿದ್ದರೆ, ಬಲ ಅದನ್ನು ಇನ್ನಷ್ಟು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ನೂಕುತ್ತದೆ. ಸರಿದಷ್ಟೂ ಬಲ ಹೆಚ್ಚುತ್ತದೆ. ವೋಲ್ಟೇಜ್ ಹೊಂದಿಸುವ ಟ್ಯಾಪ್‌ಗಳಿಗಾಗಿ ಎಚ್‌ಟಿಯ ಒಂದಿಷ್ಟು ಸುತ್ತು ಕೆಲಸ ಮಾಡದೆ ಖಾಲಿ ಉಳಿದಾಗಲೂ ಇಂಥದೇ ಅಸಮತೋಲ ಹುಟ್ಟುತ್ತದೆ. ಆದ್ದರಿಂದ ಟ್ಯಾಪ್ ಭಾಗವನ್ನು ಒಂದು ತುದಿಯಲ್ಲಿ ಇಡದೆ ನಡುವಿನಲ್ಲಿ ಇಡುತ್ತಾರೆ, ಅದರ ಎದುರು ಎಲ್‌ಟಿ ಸುತ್ತುಗಳನ್ನೂ ತೆಳುವಾಗಿಸುತ್ತಾರೆ. ಎಲ್‌ಟಿಯನ್ನು ಅಗಲದ ತಗಡಿನಿಂದ ಸುತ್ತಿದ್ದರೆ ಇನ್ನೂ ಅನುಕೂಲ: ತಗಡಿನೊಳಗೆ ಕರೆಂಟ್ ತಾನೇ ಹಂಚಿಕೊಂಡು ಎಚ್‌ಟಿಗೆ ಸರಿಹೊಂದುತ್ತದೆ.

ಸುರುಳಿಗಳನ್ನು ಮೇಲೆ-ಕೆಳಗಿನಿಂದ ಒತ್ತಿ ಹಿಡಿಯುವ ಕ್ಲ್ಯಾಂಪಿಂಗ್ ಬೇಕಾಗುವುದು ಇಲ್ಲೇ. ಸುರುಳಿಯ ಸುತ್ತುಗಳ ನಡುವೆ, ತುದಿಗಳಲ್ಲಿ ಪ್ರೆಸ್‌ಬೋರ್ಡ್ ತುಂಡುಗಳಿರುತ್ತವೆ. ಅದು ಮೂಲತಃ ಕಾಗದ. ತೇವ ಹೋದರೆ ಕುಗ್ಗುತ್ತದೆ. ಒಲೆಯಲ್ಲಿ ಒಣಗಿಸುವ ಮೊದಲು ಬಿಗಿದ ಬೋಲ್ಟು ಒಣಗಿದ ಮೇಲೆ ಸಡಿಲ. ಆದ್ದರಿಂದ ಒಣಗಿಸಿ, ಎತ್ತರ ಅಳೆದು, ಎರಡೂ ಸುರುಳಿ ಸಮವಾಗುವಂತೆ ತುಂಡು ಸೇರಿಸಿ, ಮತ್ತೆ ಒತ್ತಿ ಬಿಗಿಯಬೇಕು. ಆ ಹಂತ ತಪ್ಪಿದರೆ, ಅಥವಾ ವರ್ಷಗಳ ಬಿಸಿಯಲ್ಲಿ ಕಾಗದ ಇನ್ನಷ್ಟು ಕುಗ್ಗಿದರೆ, ಶಾರ್ಟ್ ಆದಾಗ ಸುರುಳಿ ತನ್ನ ಆಸರೆಯಿಂದ ಎದ್ದು ಮತ್ತೆ ಬಂದು ಬಡಿಯುತ್ತದೆ. ಬಲ ಮಿಡಿಯುವುದು ಸೆಕೆಂಡಿಗೆ 100 ಸಲ. ಬಿಗಿಯಾದ ಸುರುಳಿಗೆ ಅದು ಒತ್ತಡ, ಸಡಿಲವಾದದ್ದಕ್ಕೆ ಸುತ್ತಿಗೆಯ ಏಟು. ಹಾಗೆಂದು ಮಿತಿಮೀರಿ ಬಿಗಿಯಲೂ ಆಗದು. ಸಾಲಾಗಿ ನಿಲ್ಲಿಸಿದ ಇಟ್ಟಿಗೆಗಳಂತೆ ತಾಮ್ರದ ಪಟ್ಟಿಗಳು ಒಂದೇ ಕಡೆಗೆ ವಾಲಿಬಿಡುತ್ತವೆ.

ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಟ್ರಾನ್ಸ್‌ಫಾರ್ಮರ್‌ಗಳಿಗೆ ಬೇಕೆಂದೇ ಶಾರ್ಟ್ ಮಾಡಿ ನೋಡುವ ಪ್ರಯೋಗಾಲಯವಿದೆ. ನಮ್ಮ ಉದಾಹರಣೆಯ ಗಾತ್ರದವಕ್ಕೆ ಪ್ರತಿ ಫೇಸಿಗೆ ಮೂರು ಸಲ, ಅರ್ಧ ಸೆಕೆಂಡಿನಂತೆ. ಪ್ರತಿ ಏಟಿನ ನಂತರ ರಿಯಾಕ್ಟೆನ್ಸ್, ಅಂದರೆ ಕಾಂತಕ್ಷೇತ್ರದಿಂದ ಕರೆಂಟಿಗೆ ಹುಟ್ಟುವ ತಡೆ, ಎಷ್ಟೆಂದು ಅಳೆಯುತ್ತಾರೆ. ಒಳಸುರುಳಿ ಕುಸಿದರೆ ಸಂದಿ ಅಗಲವಾಗಿ ರಿಯಾಕ್ಟೆನ್ಸ್ ಏರುತ್ತದೆ. ಈ ಮಾದರಿಯ ದುಂಡು ಸುರುಳಿಗಳಿಗೆ ಆ ಬದಲಾವಣೆಯ ಮಿತಿ ಶೇ. 2. ನಾವು ಲೆಕ್ಕ ಹಾಕಿದ ಟ್ರಾನ್ಸ್‌ಫಾರ್ಮರ್‌ನಲ್ಲಿ ಅದು, ಸರಾಸರಿ ತೆಗೆದರೆ, ಸಂದಿ ಮುಕ್ಕಾಲು ಮಿಲಿಮೀಟರ್‌ಗೂ ಕಡಿಮೆ ಅಗಲವಾದದ್ದಕ್ಕೆ ಸಮ. ಟ್ಯಾಂಕಿನ ಮುಚ್ಚಳ ತೆಗೆಯುವ ಮೊದಲೇ ಮೀಟರ್ ಅಷ್ಟನ್ನು ತೋರಿಸುತ್ತದೆ.