ಕಪ್ಪು ನೂಲಿನ ಮೇಲೊಂದು ದೂರು

ಪ್ಯಾರಿಸ್ಸಿನ ಗೋಬ್ಲಾಂ ಕಾರ್ಖಾನೆಯಲ್ಲಿ ಗೋಡೆಗೆ ತೂಗುಹಾಕುವ ದೊಡ್ಡ ಚಿತ್ರಪಟಗಳನ್ನು ಉಣ್ಣೆ ಮತ್ತು ರೇಷ್ಮೆಯ ನೂಲಿನಲ್ಲಿ ನೇಯುತ್ತಿದ್ದರು. 1824ರಲ್ಲಿ ಅಲ್ಲಿಯ ಬಣ್ಣಗಾರಿಕೆಯ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದ ರಸಾಯನ ವಿಜ್ಞಾನಿ ಮಿಶೆಲ್ ಯೂಜೀನ್ ಶೆವ್ರಲ್ ಅವರಿಗೆ ಒಂದು ದೂರು ಎದುರಾಯಿತು. ನೀಲಿ ಮತ್ತು ನೇರಳೆ ಬಟ್ಟೆಗಳ ಮಡಿಕೆಯಲ್ಲಿ ನೆರಳು ತೋರಿಸಲು ಬಳಸುವ ಕಪ್ಪು ನೂಲಿಗೆ ಕಸುವಿಲ್ಲ, ಅದು ಮಾಸಿದಂತೆ ಕಾಣುತ್ತದೆ ಎಂಬುದು ಆ ದೂರು. ಬಣ್ಣದ ತೊಟ್ಟಿಯಲ್ಲೇ ಏನೋ ತಪ್ಪಾಗಿದೆ ಎಂದು ಯಾರಾದರೂ ಭಾವಿಸುವುದು ಸಹಜ. ಶೆವ್ರಲ್ ತಮ್ಮ ಕಪ್ಪು ಉಣ್ಣೆಯನ್ನು ಒಳ್ಳೆಯ ಹೆಸರಿದ್ದ ಬೇರೆ ಬಣ್ಣಗಾರರ ಕಪ್ಪಿನ ಪಕ್ಕದಲ್ಲಿಟ್ಟು ನೋಡಿದರು. ಗೋಬ್ಲಾಂನ ಕಪ್ಪು ಯಾವುದಕ್ಕೂ ಕಡಿಮೆಯಿರಲಿಲ್ಲ. ಅದೇ ನೂಲು ನೀಲಿಯ ಪಕ್ಕಕ್ಕೆ ಹೋದೊಡನೆ ಮಂಕಾಗುತ್ತಿತ್ತು. ದೋಷ ನೂಲಿನಲ್ಲಿರಲಿಲ್ಲ, ಅದರ ನೆರೆಯಲ್ಲಿತ್ತು.

ಈ ಹುಡುಕಾಟವನ್ನು ವರ್ಷಗಟ್ಟಲೆ ಮುಂದುವರಿಸಿದ ಶೆವ್ರಲ್ 1839ರಲ್ಲಿ ಒಂದು ದಪ್ಪ ಗ್ರಂಥವನ್ನೇ ಪ್ರಕಟಿಸಿದರು. ಅದರ ತಿರುಳು ಇಷ್ಟು: ಎರಡು ಬಣ್ಣಗಳನ್ನು ಒಟ್ಟಿಗೆ ನೋಡಿದಾಗ ಅವು ಇರುವುದಕ್ಕಿಂತ ಹೆಚ್ಚು ಬೇರೆಬೇರೆಯಾಗಿ ಕಾಣುತ್ತವೆ. ತಿಳಿಯಾದದ್ದು ಇನ್ನಷ್ಟು ತಿಳಿಯಾಗುತ್ತದೆ, ಗಾಢವಾದದ್ದು ಇನ್ನಷ್ಟು ಗಾಢವಾಗುತ್ತದೆ, ಮತ್ತು ಪ್ರತಿಯೊಂದು ಬಣ್ಣವೂ ತನ್ನ ಎದುರುಬಣ್ಣದ ಒಂದು ತೆಳುಛಾಯೆಯನ್ನು ನೆರೆಯ ಬಣ್ಣದ ಮೇಲೆ ಹಾಯಿಸುತ್ತದೆ. ಈ ಎದುರುಬಣ್ಣಕ್ಕೆ ಪೂರಕ ವರ್ಣ ಎಂದು ಹೆಸರು. ಒಟ್ಟಿಗೆ ನೋಡಿದಾಗ ನಡೆಯುವ ಈ ಬದಲಾವಣೆಗೆ ಏಕಕಾಲಿಕ ವೈದೃಶ್ಯ ಎಂದು ಹೆಸರು. ನೀಲಿಯ ಪೂರಕ ಕಿತ್ತಳೆ. ಆದ್ದರಿಂದ ನೀಲಿಯ ಪಕ್ಕದ ಕಪ್ಪಿನ ಮೇಲೆ ಕಿತ್ತಳೆಯ ಛಾಯೆ ಹಾಯುತ್ತದೆ. ಕಪ್ಪಿನ ಜೊತೆ ಸೇರಿದ ಕಿತ್ತಳೆ ಎಂದರೆ ಕಂದು, ಅಂದರೆ ತುಕ್ಕು ಹಿಡಿದಂಥ ಕಪ್ಪು.

ಇದನ್ನು ಓದಿ ಒಪ್ಪಿಕೊಳ್ಳುವುದಕ್ಕಿಂತ ಮಾಡಿ ನೋಡುವುದು ಮೇಲು. ಮೊದಲು ಪೂರಕವನ್ನು ಕಣ್ಣಿಗೇ ಕೇಳೋಣ. ಬಿಳಿ ಹಾಳೆಯ ಮಧ್ಯದಲ್ಲಿ ಅಂಗೈಯಗಲದ ಕಡುಗೆಂಪು ಕಾಗದದ ತುಂಡನ್ನಿಟ್ಟು, ಅದರ ನಡುವೆ ಪೆನ್ಸಿಲಿನಿಂದ ಒಂದು ಚುಕ್ಕೆ ಗುರುತಿಸಿ, ದೃಷ್ಟಿಯನ್ನು ಆ ಚುಕ್ಕೆಯಿಂದ ಕದಲಿಸದೆ ಅರ್ಧ ನಿಮಿಷ ನೋಡಬೇಕು. ಬಳಿಕ ಕೆಂಪು ತುಂಡನ್ನು ಸರಕ್ಕನೆ ಎಳೆದುಬಿಟ್ಟರೆ ಅದು ಇದ್ದ ಜಾಗದಲ್ಲಿ ಅದೇ ಆಕಾರದ ಒಂದು ತಿಳಿಬಣ್ಣ ತೇಲಿಬರುತ್ತದೆ. ಶಾಲೆಯ ವರ್ಣಚಕ್ರದಲ್ಲಿ ಕೆಂಪಿನ ಎದುರು ಹಸಿರು ಎಂದು ಓದಿದವರಿಗೆ ಇಲ್ಲೊಂದು ಅಚ್ಚರಿಯಿದೆ. ಕಾಣುವುದು ಎಲೆಹಸಿರಲ್ಲ, ನೀಲಿಗೆ ಹತ್ತಿರವಾದ ಹಸಿರು. ಹಳದಿಯನ್ನಿಟ್ಟು ನೋಡಿದರೂ ಹಾಗೆಯೇ, ಚಕ್ರ ಹೇಳುವ ನೇರಳೆಗಿಂತ ನೀಲಿಯ ಕಡೆಗೆ ವಾಲಿದ ಬಣ್ಣ ಬರುತ್ತದೆ. ಕೆಂಪು, ಹಳದಿ, ನೀಲಿಗಳನ್ನು ಮೂಲವೆಂದು ಹಿಡಿದ ಚಿತ್ರಕಾರರ ಚಕ್ರ ಬಣ್ಣ ಕಲಸಲು ಒಳ್ಳೆಯ ಕೈಪಿಡಿ; ಕಣ್ಣಿನ ನಡವಳಿಕೆಗೆ ಅದು ಅಂದಾಜಿನ ನಕ್ಷೆ ಮಾತ್ರ. ಆ ಚಕ್ರವನ್ನು ಶಾಸನವೆಂಬಂತೆ ಕಲಿಸುವುದು ನನಗೆ ಸರಿಯೆನಿಸುವುದಿಲ್ಲ.

ಈ ಉಳಿಕೆಬಿಂಬ ಮೂಡಲು ಸ್ವಲ್ಪ ಹೊತ್ತು ಬೇಕು, ಏಕೆಂದರೆ ಅದು ಕಣ್ಣಿನ ಗ್ರಾಹಕಕೋಶಗಳು ಒಂದೇ ಬಣ್ಣಕ್ಕೆ ಒಗ್ಗಿಹೋಗುವುದರಿಂದ ಹುಟ್ಟುವಂಥದ್ದು. ಏಕಕಾಲಿಕ ವೈದೃಶ್ಯಕ್ಕೆ ಕಾಯಬೇಕಾಗಿಲ್ಲ, ನೋಡಿದ ಕ್ಷಣದಲ್ಲೇ ಅದು ಅಲ್ಲಿರುತ್ತದೆ. ಕಣ್ಣಿನಿಂದ ಮಿದುಳಿಗೆ ಹೋಗುವ ಸಂದೇಶ ಕೆಂಪು ಎಷ್ಟು, ಹಸಿರು ಎಷ್ಟು ಎಂಬ ಬಿಡಿ ಲೆಕ್ಕವಲ್ಲ. ಕೆಂಪಿಗೆ ಎದುರಾಗಿ ಹಸಿರು, ಹಳದಿಗೆ ಎದುರಾಗಿ ನೀಲಿ, ಹೀಗೆ ಜೋಡಿಗಳ ನಡುವಣ ವ್ಯತ್ಯಾಸವೇ ಆ ಸಂದೇಶ. ಅದರ ಮೇಲೆ, ಒಂದು ತಾಣದ ಬಣ್ಣವನ್ನು ನಿರ್ಧರಿಸುವಾಗ ಸುತ್ತಲಿನ ತಾಣಗಳ ಬಣ್ಣವನ್ನೂ ತಾಳೆ ನೋಡಿ ಕಳೆಯುವ ನರಕೋಶಗಳು ದೃಷ್ಟಿಮಾರ್ಗದಲ್ಲಿವೆ. ಸುತ್ತಲೂ ಕೆಂಪು ತುಂಬಿದ್ದರೆ ನಡುವಣ ಬೂದಿನಿಂದ ಕೆಂಪು ಕಳೆಯಲ್ಪಡುತ್ತದೆ. ಬೂದಿನಿಂದ ಕೆಂಪನ್ನು ಕಳೆದರೆ ಉಳಿಯುವುದು ಹಸಿರಿನ ಕಡೆಗೆ ವಾಲಿದ ಬೂದು.

ಅದನ್ನೇ ಎರಡನೆಯ ಅಭ್ಯಾಸವಾಗಿಸಬಹುದು. ಪೋಸ್ಟರ್ ಬಣ್ಣದ ಕಪ್ಪು ಬಿಳುಪುಗಳನ್ನು ಕಲಸಿ ಒಂದು ಹಾಳೆಗೆ ಸಮನಾಗಿ ಬೂದು ಬಳಿದು, ಒಣಗಿದ ಮೇಲೆ ಅದರಿಂದಲೇ ಎರಡು ಸೆಂಟಿಮೀಟರಿನ ಎರಡು ಚೌಕಗಳನ್ನು ಕತ್ತರಿಸಿಕೊಳ್ಳಬೇಕು. ಒಂದೇ ಹಾಳೆಯಿಂದ ಕತ್ತರಿಸುವುದು ಮುಖ್ಯ. ಕಪ್ಪು ಬಿಳುಪಿನ ಮಿಶ್ರಣ ಹಲವು ವೇಳೆ ತಾನಾಗಿಯೇ ತುಸು ನೀಲಿಗೆ ವಾಲುತ್ತದೆ. ಎರಡು ಸಲ ಬೇರೆಬೇರೆಯಾಗಿ ಕಲಸಿದರೆ ಕಂಡ ವ್ಯತ್ಯಾಸ ನೆರೆಯದೋ ಕಲಸಿದ್ದರದೋ ತಿಳಿಯುವುದಿಲ್ಲ. ಒಂದು ಚೌಕವನ್ನು ದೊಡ್ಡ ಕೆಂಪು ಹಾಳೆಯ ನಡುವೆ, ಇನ್ನೊಂದನ್ನು ಅಷ್ಟೇ ದೊಡ್ಡ ಹಸಿರು ಹಾಳೆಯ ನಡುವೆ ಇಡಬೇಕು. ಕೆಂಪಿನ ಮೇಲಿನದು ಹಸಿರುಹಸಿರಾಗಿಯೂ ಹಸಿರಿನ ಮೇಲಿನದು ಗುಲಾಬಿಯ ಕಡೆಗೂ ಹೊರಳಬೇಕು.

ಹಲವರಿಗೆ ಮೊದಲ ಸಲ ಹಾಗೇನೂ ಕಾಣುವುದಿಲ್ಲ. ಬಹುಪಾಲು ಕಾರಣ ಬೂದಿನ ತಿಳಿತನ. ಬೂದು ತನ್ನ ಹಿನ್ನೆಲೆಗಿಂತ ತೀರ ತಿಳಿಯಾಗಿಯೋ ತೀರ ಗಾಢವಾಗಿಯೋ ಇದ್ದರೆ ಬೆಳಕಿನ ವ್ಯತ್ಯಾಸವೇ ಕಣ್ಣನ್ನು ಸೆಳೆದು ಬಣ್ಣದ ವ್ಯತ್ಯಾಸವನ್ನು ಮುಚ್ಚಿಹಾಕುತ್ತದೆ. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ಕಪ್ಪುಬಿಳುಪಿಗೆ ತಿರುಗಿಸಿದರೆ ಚೌಕ ಹಿನ್ನೆಲೆಯಲ್ಲಿ ಹೆಚ್ಚುಕಡಿಮೆ ಕರಗಿಹೋಗಬೇಕು. ಹಾಗಾಗದಿದ್ದರೆ ಬೂದನ್ನು ಮತ್ತೆ ಕಲಸುವುದೇ ದಾರಿ. ಇನ್ನೊಂದು ಉಪಾಯ ನೋಡಲು ವಿಚಿತ್ರ. ಚೌಕ ಹಿನ್ನೆಲೆಗಳೆರಡನ್ನೂ ಒಂದು ತೆಳು ಟ್ರೇಸಿಂಗ್ ಹಾಳೆಯಿಂದ ಮುಚ್ಚಿದರೆ ಬಣ್ಣಗಳು ಮಸುಕಾಗುತ್ತವೆ, ಆದರೆ ಬೂದಿನ ಮೇಲಿನ ಛಾಯೆ ಮೊದಲಿಗಿಂತ ಚೆನ್ನಾಗಿ ಎದ್ದು ಬರುತ್ತದೆ. ಅಂಚು ಮೆತ್ತಗಾದಷ್ಟೂ ನೆರೆಯ ಪ್ರಭಾವ ಸಲೀಸಾಗಿ ಒಳನುಗ್ಗುತ್ತದೆ.

ಕಂಡದ್ದು ನಿಜವಾಗಿಯೂ ನೆರೆಯ ಕೆಲಸವೇ ಎಂದು ಖಚಿತಪಡಿಸಿಕೊಳ್ಳಲು ಒಂದು ಬೂದು ರಟ್ಟಿನಲ್ಲಿ ಚೌಕಕ್ಕಿಂತ ಚಿಕ್ಕದಾದ ಎರಡು ತೂತು ಮಾಡಿ, ಹಿನ್ನೆಲೆ ಪೂರ್ತಿ ಮರೆಯಾಗುವಂತೆ ಮೇಲಿಡಬೇಕು. ಎರಡು ತೂತುಗಳಲ್ಲೂ ಒಂದೇ ಬೂದು ಕಂಡರೆ ಪ್ರಯೋಗ ಸರಿಯಾಗಿದೆ. ಆಗಲೂ ಬೇರೆಬೇರೆ ಕಂಡರೆ ಬೆಳಕನ್ನು ಪರೀಕ್ಷಿಸಬೇಕು. ಒಂದು ಹಾಳೆ ಕಿಟಕಿಗೆ ಹತ್ತಿರವಿರಬಹುದು, ಅಥವಾ ಕಾಗದಕ್ಕೆ ಹೊಳಪಿದ್ದು ಬೇರೆ ವಸ್ತುವಿನ ಬಣ್ಣವನ್ನು ಪ್ರತಿಫಲಿಸುತ್ತಿರಬಹುದು.

ಮೂರನೆಯ ಅಭ್ಯಾಸ ಚಿತ್ರ ಬರೆಯುವವರಿಗೆ ನೇರವಾಗಿ ಬೇಕಾದದ್ದು. ಕೆಂಪು ಹಾಳೆಯ ಮೇಲಿನ ಬೂದು ಯಾವ ಕಡೆಗೂ ವಾಲದೆ ಅಪ್ಪಟ ಬೂದಾಗಿ ಕಾಣುವಂತೆ ಮಾಡಬೇಕು. ತಟ್ಟೆಯಲ್ಲಿ ಉಳಿದ ಬೂದನ್ನು ತೆಗೆದುಕೊಂಡು ಕುಂಚದ ತುದಿಯಲ್ಲಿ ಹಿಡಿಯುವಷ್ಟೇ ಕೆಂಪು ಬೆರೆಸಿ, ಒಂದು ಚೂರು ಕಾಗದಕ್ಕೆ ಬಳಿದು, ಪೂರ್ತಿ ಒಣಗಿದ ಮೇಲೆ ಕೆಂಪು ಹಾಳೆಯ ಮೇಲಿಟ್ಟು ನೋಡುವುದು; ಇನ್ನೂ ಹಸಿರು ಕಂಡರೆ ಮತ್ತೊಂದು ತುದಿ ಕೆಂಪು. ಒದ್ದೆ ಬಣ್ಣವನ್ನು ನಂಬಬಾರದು, ಏಕೆಂದರೆ ಪೋಸ್ಟರ್ ಬಣ್ಣ ಒಣಗಿದಾಗ ಅದರ ತಿಳಿತನವೇ ಬದಲಾಗುತ್ತದೆ. ಕೆಲವು ಚೂರುಗಳ ಬಳಿಕ ಒಂದು ಹಂತದಲ್ಲಿ ಹಸಿರು ಅಡಗುತ್ತದೆ, ಅದನ್ನು ದಾಟಿದರೆ ಚೂರು ಕೆಂಪಗೇ ಕಾಣತೊಡಗುತ್ತದೆ. ಹಸಿರು ಹಾಳೆಗೂ ಹೀಗೆಯೇ, ಬೂದಿಗೆ ಹಸಿರನ್ನು ಬೆರೆಸುತ್ತ ಹೋಗಬೇಕು. ಕೊನೆಗೆ ಗೆದ್ದ ಎರಡು ಚೂರುಗಳನ್ನು ಎತ್ತಿ ಬಿಳಿ ಹಾಳೆಯ ಮೇಲೆ ಅಕ್ಕಪಕ್ಕ ಇಟ್ಟರೆ, ಅಪ್ಪಟ ಬೂದೆಂದು ಕಣ್ಣು ಒಪ್ಪಿದ್ದ ಅವುಗಳಲ್ಲಿ ಒಂದು ಗುಲಾಬಿ ಬೂದು, ಇನ್ನೊಂದು ಪಾಚಿ ಬೂದು. ಇವುಗಳ ನಡುವಣ ಅಂತರವೇ ಆ ಎರಡು ಹಿನ್ನೆಲೆಗಳ ಪ್ರಭಾವಕ್ಕೆ ಅಳತೆ. ಬಿಳಿ ತಟ್ಟೆಯಲ್ಲಿ ಸರಿಯಾಗಿ ಕಲಸಿದ ಬಣ್ಣ ಚಿತ್ರಕ್ಕೆ ಹೋದೊಡನೆ ಏಕೆ ಕೆಡುತ್ತದೆ ಎಂಬ ಹಳೆಯ ಗೊಂದಲವೂ ಇಲ್ಲಿ ಬಿಡಿಸಿಕೊಳ್ಳುತ್ತದೆ. ಶೆವ್ರಲ್ ಅವರ ನೇಕಾರರೂ ಕಪ್ಪಿಗೆ ನೀಲಿಯ ಸುಳಿವು ಬೆರೆಸಿದ್ದರೆ ಆ ತುಕ್ಕು ಅಡಗುತ್ತಿತ್ತು.

ಇಷ್ಟಾದರೂ ನೆರೆ ಯಾವಾಗಲೂ ಹೀಗೆಯೇ ವರ್ತಿಸುತ್ತದೆ ಎನ್ನುವಂತಿಲ್ಲ. ಬಣ್ಣದ ಪಟ್ಟಿ ಬಹಳ ತೆಳ್ಳಗಾದಾಗ ನಿಯಮ ತಿರುವುಮುರುವಾಗುತ್ತದೆ. ಬೂದು ಹಾಳೆಯ ಮೇಲೆ ಕೆಂಪು ಪೆನ್ನಿನಿಂದ ಕೂದಲೆಳೆಯಂಥ ಗೆರೆಗಳನ್ನು ಒತ್ತೊತ್ತಾಗಿ ಎಳೆದು ತುಸು ದೂರದಿಂದ ನೋಡಿದರೆ, ಗೆರೆಗಳ ನಡುವಣ ಬೂದು ಹಸಿರಾಗುವ ಬದಲು ಕೆಂಪನ್ನೇ ಹೀರಿಕೊಂಡಂತೆ ಕಾಣುತ್ತದೆ. ರತ್ನಗಂಬಳಿಗಳ ವಿನ್ಯಾಸದಲ್ಲಿ ಆಸಕ್ತಿಯಿದ್ದ ಜರ್ಮನ್ ಭೌತವಿಜ್ಞಾನಿ ವಿಲ್ಹೆಲ್ಮ್ ಫೊನ್ ಬೆಟ್ಸೋಲ್ಡ್ 1874ರಲ್ಲಿ ಈ ಪರಿಣಾಮವನ್ನು ವಿವರಿಸಿದರು. ಹಾಗಾಗಿ ಸಣ್ಣ ಚುಕ್ಕೆಗಳಲ್ಲಿ ಕೆಂಪು ಹಸಿರುಗಳನ್ನು ಒತ್ತಾಗಿಟ್ಟರೆ ಹತ್ತಿರದಿಂದ ಅವು ಒಂದನ್ನೊಂದು ಕೆರಳಿಸಿದರೂ, ದೂರ ಸರಿದಂತೆ ಬೆರೆತು ಮಂಕು ಬಣ್ಣವಾಗಿಬಿಡುತ್ತವೆ. ಚುಕ್ಕೆಗಳಲ್ಲೇ ಚಿತ್ರ ಕಟ್ಟಿದ ಜಾರ್ಜ್ ಸೂರಾ ಶೆವ್ರಲ್‌ರನ್ನು ಓದಿಕೊಂಡಿದ್ದವರು; ಆದರೂ ಅವರ ಚಿತ್ರಗಳ ಮುಂದೆ ಎಲ್ಲಿ ನಿಂತುಕೊಳ್ಳಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ.

ದೊಡ್ಡ ಬಣ್ಣಹರವುಗಳಲ್ಲಿ ವೈದೃಶ್ಯವನ್ನು ಬೇಕೆಂದೇ ದುಡಿಸಿಕೊಂಡ ಚಿತ್ರವೆಂದರೆ ವಿನ್ಸೆಂಟ್ ವಾನ್ ಗೋ ಅವರ ಮಲಗುವ ಕೋಣೆ. 1888ರ ಅಕ್ಟೋಬರಿನಲ್ಲಿ ಸೋದರ ಥಿಯೋಗೆ ಬರೆದ ಪತ್ರದಲ್ಲಿ ಅವರು ಅದರ ಬಣ್ಣಗಳನ್ನು ಒಂದೊಂದಾಗಿ ಹೇಳಿದ್ದಾರೆ: ಗೋಡೆಗಳು ತಿಳಿನೇರಳೆ, ಮಂಚ ಮತ್ತು ಕುರ್ಚಿಗಳು ಹೊಸ ಬೆಣ್ಣೆಯ ಹಳದಿ, ಹೊದಿಕೆ ಕಡುಗೆಂಪು, ಕಿಟಕಿ ಹಸಿರು, ಮೇಜು ಕಿತ್ತಳೆ, ಅದರ ಮೇಲಿನ ಬೋಗುಣಿ ನೀಲಿ. ನೇರಳೆಗೆ ಹಳದಿ, ಕೆಂಪಿಗೆ ಹಸಿರು, ಕಿತ್ತಳೆಗೆ ನೀಲಿ, ಹೀಗೆ ಚಿತ್ರಕಾರರ ಚಕ್ರದ ಮೂರು ಜೋಡಿಗಳೂ ಒಂದೇ ಕೋಣೆಯಲ್ಲಿವೆ. ಆದರೆ ಇಂದು ಆ ಚಿತ್ರವನ್ನು ನೋಡಿದವರು ಗೋಡೆ ನೀಲಿ ಎನ್ನುತ್ತಾರೆ, ಮತ್ತು ಅವರು ಹೇಳುವುದು ಸರಿಯೇ. ನೇರಳೆ ಬರಲು ನೀಲಿಯ ಜೊತೆ ಬೆರೆಸಿದ್ದ ಕೆಂಪು ಬೆಳಕಿಗೆ ತಾಳುವಂಥದ್ದಾಗಿರಲಿಲ್ಲ. ಅದು ಮಾಸಿ ನೀಲಿ ಮಾತ್ರ ಉಳಿಯಿತು.

ಇದರಿಂದ ಮಂಚಕ್ಕೆ ಏನಾಯಿತು ಎಂಬುದನ್ನು ಒಂದು ಮುದ್ರಿತ ಪ್ರತಿಯ ಮೇಲೆ ಸ್ಥೂಲವಾಗಿ ಕಂಡುಕೊಳ್ಳಬಹುದು. ಅದೇ ಹಳದಿಯನ್ನು ಕಲಸಿ ಎರಡು ಚೌಕ ಕತ್ತರಿಸಿ, ಒಂದನ್ನು ತಿಳಿನೇರಳೆ ಹಾಳೆಯ ಮೇಲೂ ಇನ್ನೊಂದನ್ನು ಮುದ್ರಿತ ಗೋಡೆಯ ನೀಲಿಗೆ ಹೊಂದುವ ಹಾಳೆಯ ಮೇಲೂ ಇಡಬೇಕು. ನೇರಳೆಯ ಮೇಲಿನ ಹಳದಿ ತುಸು ಹಸಿರಿನ ಕಡೆಗೆ ತಿಳಿಯಾಗಿ ನಿಲ್ಲುತ್ತದೆ. ನೀಲಿಯ ಮೇಲಿನದು ಬೆಚ್ಚಗಾಗಿ ಕಿತ್ತಳೆಯ ಕಡೆಗೆ ಹೊರಳುತ್ತದೆ. ಕುಂಚ ಮುಟ್ಟದಿದ್ದರೂ, ಮಂಚದ ಬಣ್ಣ ಒಂದಿಷ್ಟೂ ಮಾಸದೆ ಹಾಗೇ ಇತ್ತೆಂದು ಇಟ್ಟುಕೊಂಡರೂ, ವಾನ್ ಗೋ ಕಂಡ ಬೆಣ್ಣೆಯ ಹಳದಿ ನಮಗೆ ಕಾಣುವುದು ಅದರ ಹಿಂದಿನ ಗೋಡೆಯನ್ನು ತಿಳಿನೇರಳೆಗೆ ಮರಳಿಸಿದಾಗ ಮಾತ್ರ.